ಮಡಿಕೇರಿ ಕೋಟೆಗೊಂದು ಅನುಮತಿ ಪತ್ರ

ಭಾಗಮಂಡಲದಿಂದ ಕಾಡಿನ ನಡುವೆ ಇಳಿದು ಬರುವ ಘಟ್ಟದ ದಾರಿಯು ಕೇರಳದ ಪಾಣತ್ತೂರಿನ ಕಡೆಗೆ ಮುಖಮಾಡುವ ಎಡೆಯಲ್ಲಿ, ಕೊಡಗು ಜಿಲ್ಲೆಯ ಪಶ್ಚಿಮದ ಕೊನೆಯ ಊರಾಗಿ ನಿಂತಿರುವ ಕರಿಕೆಯಲ್ಲಿ ಅರೆಭಾಷೆ, ಮಲಯಾಳ, ತುಳು, ಕನ್ನಡಗಳು ಒಂದೇ ಅಂಗಡಿಯ ಜಗಲಿಯ ಮೇಲೆ ಕಲೆತು ಕೇಳಿಬರುತ್ತವೆ. ಇಂತಹ ಊರಿನಲ್ಲಿ 1837ರ ಅಮರಸುಳ್ಯದ ದಂಗೆಯ ಕಥೆಯನ್ನು ಕುರಿತು ಒಂದು ಸಣ್ಣ ಸಾಕ್ಷ್ಯಚಿತ್ರವನ್ನು ತೆಗೆಯಬೇಕೆಂಬ ಬಯಕೆ ಮೂವರು ತರುಣರಲ್ಲಿ ಹುಟ್ಟಿತೆಂದು ಭಾವಿಸೋಣ. ಬಯಕೆ ಅಸಹಜವಾದುದಲ್ಲ. 1834ರಲ್ಲಿ ಕಂಪನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನದಾಗಿಸಿಕೊಂಡ ಮೇಲೆ, ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಘಟ್ಟದ ಕೆಳಗಣ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದ ಕಂದಾಯದ ಬದಲು ಹಣದ ಕಂದಾಯವನ್ನು ಕೇಳತೊಡಗಿದ್ದೇ ಆ ದಂಗೆಯ ಕಾರಣಗಳಲ್ಲೊಂದು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದ ರೈತರ ಆ ದಂಡು ಕೆಲವು ದಿನಗಳಲ್ಲೇ ಚದುರಿಹೋಯಿತು. ಅದರ ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಆದುದರಿಂದ ಈ ಕಥೆಯನ್ನು ಹೇಳಹೊರಟವರು ಕರಿಕೆಯಿಂದ ಸುಮಾರು 70 ಕಿಲೋಮೀಟರು ದೂರದ ಆ ಕೋಟೆಯ ಬಾಗಿಲಿಗೆ ಒಂದಲ್ಲ ಒಂದು ದಿನ ಕ್ಯಾಮೆರಾ ಹಿಡಿದು ಬರಲೇಬೇಕು.

ಅಲ್ಲಿಗೆ ಬರುವ ಮುನ್ನ ಅವರು ಒಂದು ಪತ್ರವನ್ನು ಬರೆಯಬೇಕು. ಆ ಪತ್ರವನ್ನು ಯಾರಿಗೆ, ಯಾವಾಗ, ಯಾವ ಮಾತುಗಳಲ್ಲಿ ಬರೆಯಬೇಕೆಂಬುದೇ ಈ ಲೇಖನದ ವಿಷಯ. ಇದನ್ನು ಬರೀ ಕಚೇರಿಯ ಉಪಚಾರವೆಂದು ತಿಳಿದು, "ತಾವು ದಯಮಾಡಿ ಚಿತ್ರೀಕರಣಕ್ಕೆ ಅವಕಾಶ ಕೊಡಬೇಕಾಗಿ ವಿನಂತಿ" ಎಂಬ ಎರಡು ಸಾಲು ಗೀಚಿ, ಕೈಗೆ ಸಿಕ್ಕಿದ ಅಧಿಕಾರಿಯ ಮೇಜಿನ ಮೇಲೆ ಇಟ್ಟು ಬರುವವರ ಸಂಖ್ಯೆಯೇ ಹೆಚ್ಚು. ಅಂತಹ ಪತ್ರಕ್ಕೆ ಉತ್ತರ ಬಾರದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಏಕೆಂದರೆ ಅದನ್ನು ಓದಿದ ಅಧಿಕಾರಿಗೆ ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ಬೇಕಾದ ಸಂಗತಿ ಅದರಲ್ಲಿ ಒಂದೂ ಇರುವುದಿಲ್ಲ.

ಕೋಟೆ ಯಾರದು?

ಮೊದಲನೆಯ ಪ್ರಶ್ನೆ, ಪತ್ರವನ್ನು ಯಾರ ಹೆಸರಿಗೆ ಬರೆಯಬೇಕೆಂಬುದು. ಮಡಿಕೇರಿಯ ಕೋಟೆಯನ್ನು ಒಂದೇ ಕಟ್ಟಡವೆಂದು ದೂರದಿಂದ ನೋಡುವವನಿಗೆ ಇದು ಪ್ರಶ್ನೆಯೆಂದೇ ತೋರಲಾರದು. ಆದರೆ ಒಳಹೊಕ್ಕು ನೋಡಿದವನಿಗೆ ಅಲ್ಲಿ ಮೂರು ನಾಲ್ಕು ಕಾಲಗಳೂ ಅಷ್ಟೇ ಮಂದಿ ಯಜಮಾನರೂ ಕಾಣುತ್ತಾರೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಮುದ್ದುರಾಜನು ಮಡಿಕೇರಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡಾಗ ಎದ್ದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಿಂದ ಕಟ್ಟಿಸಿ ಜಾಫರಾಬಾದ್ ಎಂದು ಕರೆದನು. 1790ರಲ್ಲಿ ದೊಡ್ಡವೀರರಾಜೇಂದ್ರನು ಅದನ್ನು ಮರಳಿ ಪಡೆದನು. ಮುಂದೆ 1812ರಿಂದ 1814ರವರೆಗೆ ಲಿಂಗರಾಜೇಂದ್ರನು ಅರಮನೆಯನ್ನು ಹೊಸದಾಗಿ ಕಟ್ಟಿಸಿದನು. ಕಂಪನಿಯ ಆಡಳಿತ ಬಂದ ಮೇಲೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೋಟೆಯೊಳಗೆ ಸಂತ ಮಾರ್ಕನ ಹೆಸರಿನ ಇಗರ್ಜಿಯೊಂದು ಎದ್ದಿತು. 1933ರಲ್ಲಿ ಗಡಿಯಾರದ ಗೋಪುರವೂ ಕಮಿಷನರರ ಮೋಟಾರು ನಿಲ್ಲುವ ಮುಖಮಂಟಪವೂ ಸೇರಿದವು. ಸ್ವಾತಂತ್ರ್ಯಾನಂತರ ಅರಮನೆಯಲ್ಲಿ ಜಿಲ್ಲೆಯ ಸರಕಾರಿ ಕಚೇರಿಗಳು ಬಹುಕಾಲ ನಡೆದವು.

ಈ ಚರಿತ್ರೆಯ ಪದರಗಳು ಇಂದು ಆಡಳಿತದ ಪದರಗಳಾಗಿ ಉಳಿದಿವೆ. ಕೋಟೆ ಕೇಂದ್ರಸರಕಾರದ ಸಂರಕ್ಷಿತ ಸ್ಮಾರಕ. ಅದರ ಹೊಣೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತದ್ದು, ಎಂದರೆ ಎಲ್ಲರೂ ಬೆಂಗಳೂರು ಸರ್ಕಲ್ ಎಂದು ಕರೆಯುವ ಕಚೇರಿಯದು. ಅದು ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ಹಳೆಯ ಇಗರ್ಜಿಯ ಕಟ್ಟಡದಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯವು ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದೆ. ಆ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಕೋಟೆಯ ಬಾಗಿಲಿನ ಗಣಪತಿಯ ಗುಡಿಯಲ್ಲಿ ಪೂಜೆ ನಡೆಯುತ್ತಿದೆ. ಅಲ್ಲಿ ಕ್ಯಾಮೆರಾ ಎತ್ತಬೇಕಾದರೆ ದೇವಸ್ಥಾನದ ಆಡಳಿತದವರನ್ನು ಬೇರೆಯಾಗಿ ಕೇಳಬೇಕು.

ನಮ್ಮ ತರುಣರು ಇಲ್ಲಿ ಎಡವುವುದು ಬಹಳ ಸುಲಭ. ಕೋಟೆ ಜಿಲ್ಲಾಡಳಿತದ ಕಚೇರಿಯಾಗಿದ್ದ ಕಾಲದ ನೆನಪು ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿರುವುದರಿಂದ, "ಡೀಸಿ ಸಾಹೇಬರಿಗೆ ಒಂದು ಅರ್ಜಿ ಕೊಟ್ಟರೆ ಸಾಕು" ಎಂಬ ಸಲಹೆ ಊರಿನಲ್ಲಿ ಧಾರಾಳವಾಗಿ ದೊರೆಯುತ್ತದೆ. ಜಿಲ್ಲಾಧಿಕಾರಿಗಳಿಗೆ ಪತ್ರದ ಪ್ರತಿಯೊಂದನ್ನು ತಿಳಿವಳಿಕೆಗಾಗಿ ಕಳುಹಿಸುವುದು ಲೇಸೇ ಸರಿ. ಆದರೆ ಸಂರಕ್ಷಿತ ಸ್ಮಾರಕದೊಳಗೆ ಚಿತ್ರೀಕರಣದ ಪರವಾನಗಿಯನ್ನು ಕೊಡತಕ್ಕ ಅಧಿಕಾರ ಅವರಿಗಿಲ್ಲ. ಅಧಿಕಾರ ಯಾರದೆಂಬುದನ್ನು ಕಂಡುಕೊಳ್ಳುವ ಉಪಾಯ ಸರಳವಾದುದು: ಸ್ಮಾರಕದ ಪ್ರವೇಶದ ಬಳಿ ನಿಲ್ಲಿಸಿರುವ ಸಂರಕ್ಷಿತ ಸ್ಮಾರಕದ ಫಲಕವನ್ನು ಓದಬೇಕು. ಅದರಲ್ಲಿ ಉಲ್ಲೇಖವಾಗಿರುವುದು ಕೇಂದ್ರದ 1958ರ ಅಧಿನಿಯಮವೋ ರಾಜ್ಯದ 1961ರ ಅಧಿನಿಯಮವೋ ಎಂಬುದನ್ನು ನೋಡಿದರೆ ಪತ್ರದ ವಿಳಾಸ ತಾನಾಗಿಯೇ ನಿರ್ಧಾರವಾಗುತ್ತದೆ.

ಕರಿಕೆಯವರಿಗೆ ಈ ವಿಚಾರದಲ್ಲಿ ಇನ್ನೊಂದು ತೊಡಕುಂಟು. ಪಾಣತ್ತೂರು ದಾಟಿ ಕಾಞಂಗಾಡಿನ ಕಡೆಗೆ ಇಳಿದರೆ ಬೇಕಲದ ಕೋಟೆ ಮಡಿಕೇರಿಯಷ್ಟೇ ಕೈಗೆಟುಕುವ ದೂರದಲ್ಲಿದೆ. ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಸೇರಿದ ಆ ಕಡಲಂಚಿನ ಕೋಟೆಯೂ ಕೇಂದ್ರದ ಸಂರಕ್ಷಿತ ಸ್ಮಾರಕವೇ. ಆದರೆ ಅದು ಇಲಾಖೆಯ ತ್ರಿಶೂರು ವೃತ್ತಕ್ಕೆ ಸೇರಿದುದರಿಂದ, ಅರ್ಜಿದಾರನು ಕೊಡಗಿನವನಾದರೂ ಪತ್ರದ ಪ್ರತಿಯು ತ್ರಿಶೂರಿಗೇ ಹೋಗತಕ್ಕದ್ದು. ಕಚೇರಿ ಯಾವುದೆಂಬುದನ್ನು ನಿರ್ಣಯಿಸುವುದು ಸ್ಮಾರಕ ನಿಂತ ನೆಲವೇ ಹೊರತು ಅರ್ಜಿದಾರನ ಮನೆಯಲ್ಲ. ಒಂದೇ ಚಿತ್ರದಲ್ಲಿ ಎರಡೂ ಕೋಟೆಗಳು ಬರುವುದಾದರೆ ಎರಡು ಅರ್ಜಿಗಳನ್ನು ಬರೆಯಬೇಕು.

'ಸಣ್ಣ ತಂಡ' ಎಂಬ ಮಾತಿನ ಬೆಲೆ

ಎರಡನೆಯ ಪ್ರಶ್ನೆ, ಮೂವರೇ ಇರುವ ತಂಡಕ್ಕೂ ಇಷ್ಟೆಲ್ಲ ಬೇಕೇ ಎಂಬುದು. ಪ್ರವಾಸಿಯೊಬ್ಬನು ಒಳಹೊಕ್ಕು, ಕೈಯಲ್ಲಿ ಹಿಡಿದ ಫೋನಿನಿಂದ ತನ್ನ ನೆನಪಿಗಾಗಿ ಚಿತ್ರ ತೆಗೆಯುವುದನ್ನು ಯಾರೂ ತಡೆಯುವುದಿಲ್ಲ. 2018ರಲ್ಲಿ ಇಲಾಖೆಯು ಛಾಯಾಗ್ರಹಣದ ಮೇಲಿದ್ದ ಹಲವು ನಿರ್ಬಂಧಗಳನ್ನು ಸಡಿಲಿಸಿತು. ಆದರೆ ಜನರ ಮುಂದೆ ಪ್ರದರ್ಶಿಸುವ ಉದ್ದೇಶದಿಂದ, ಮೊದಲೇ ಯೋಜನೆ ಹಾಕಿಕೊಂಡು, ಸ್ಟ್ಯಾಂಡು ಊರಿ, ಹಿರಿಯರೊಬ್ಬರನ್ನು ಕೂರಿಸಿ ಮಾತಾಡಿಸಿ ಚಿತ್ರ ತೆಗೆಯುವುದು ಬೇರೆಯ ಮಾತು. 1958ರ ಅಧಿನಿಯಮದಡಿ 1959ರಲ್ಲಿ ಬಂದ ಪ್ರಾಚೀನ ಸ್ಮಾರಕಗಳ ನಿಯಮಾವಳಿಯು ಚಿತ್ರೀಕರಣಕ್ಕೆ ಪರವಾನಗಿ ಅಗತ್ಯವೆಂದು ವಿಧಿಸುವಾಗ ತಂಡದಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡಿಲ್ಲ. ಮೂವರು ಹೋದರೂ ಮೂವತ್ತು ಮಂದಿ ಹೋದರೂ ಅರ್ಜಿಯ ನಮೂನೆ ಒಂದೇ.

ಹಾಗಾದರೆ ನಿಯಮವು ಲಕ್ಷಿಸುವುದು ಯಾವುದನ್ನು? ಚಿತ್ರೀಕರಣ ಸ್ಮಾರಕದ ಯಾವ ಭಾಗದಲ್ಲಿ ನಡೆಯುತ್ತದೆ, ಅಲ್ಲಿ ಏನನ್ನು ಇಡಲಾಗುತ್ತದೆ, ಏನನ್ನು ಹಚ್ಚಲಾಗುತ್ತದೆ, ಬಂದುಹೋಗುವ ಜನರಿಗೆ ತಡೆಯಾಗುತ್ತದೆಯೇ ಎಂಬುದನ್ನು. ಪರವಾನಗಿಗೆ ನಿಯಮಾವಳಿಯೇ ಕಟ್ಟಿಟ್ಟಿರುವ ಷರತ್ತುಗಳು ಬಹು ಸ್ಪಷ್ಟವಾಗಿವೆ. ಪರವಾನಗಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಅದರಲ್ಲಿ ಹೇಳಿದ ಭಾಗದಲ್ಲಿ ಮಾತ್ರವೇ ಚಿತ್ರೀಕರಣ ನಡೆಯತಕ್ಕದ್ದು. ನೀರು, ಎಣ್ಣೆ, ಜಿಡ್ಡು ಮೊದಲಾದ ಯಾವ ಹೊರವಸ್ತುವನ್ನೂ ಸ್ಮಾರಕದ ಯಾವ ಭಾಗಕ್ಕೂ ಸೋಕಿಸಕೂಡದು. ವಿದ್ಯುತ್ತಿನ ಜನರೇಟರು ಬೇಕಾದರೆ ಅದನ್ನು ಸ್ಮಾರಕದಿಂದಲೂ ಅದಕ್ಕೆ ಸೇರಿದ ಹುಲ್ಲುಹಾಸು ತೋಟಗಳಿಂದಲೂ ದೂರ ಇಡತಕ್ಕದ್ದು. ನ್ಯಾಯವಾಗಿ ಒಳಗೆ ಬಂದಿರುವ ಇತರರ ಸಂಚಾರಕ್ಕೆ ಅಡ್ಡಿಯಾಗಕೂಡದು. ಇವೆಲ್ಲಕ್ಕಿಂತ ಮುಖ್ಯವಾಗಿ, ಛಾವಣಿಯ ಕೆಳಗಿನ ಭಾಗದಲ್ಲಿ, ಎಂದರೆ ಸ್ಮಾರಕದ ಒಳಾಂಗಣದಲ್ಲಿ, ಚಿತ್ರೀಕರಣಕ್ಕೆ ಸಾಮಾನ್ಯವಾಗಿ ಪರವಾನಗಿ ಇಲ್ಲ. ಶಿಕ್ಷಣಕ್ಕಾಗಿಯೋ ಸ್ಮಾರಕದ ಪ್ರಚಾರಕ್ಕಾಗಿಯೋ ತೆಗೆಯುವ ಚಿತ್ರಕ್ಕೆ ಮಾತ್ರ ಅಲ್ಲಿ ಆಸ್ಪದವುಂಟು.

ಈ ಷರತ್ತುಗಳನ್ನು ಕರಿಕೆಯ ತಂಡದ ಯೋಜನೆಯೊಡನೆ ಹೊಂದಿಸಿ ನೋಡಿದರೆ ಪತ್ರದಲ್ಲಿ ಏನು ಬರೆಯಬೇಕೆಂಬುದು ಬೆಳಕಿಗೆ ಬರುತ್ತದೆ. ಅವರ ಮನಸ್ಸಿನಲ್ಲಿರುವ ಚಿತ್ರದಲ್ಲಿ ನಾಲ್ಕು ದೃಶ್ಯಗಳಿವೆಯೆಂದಿಟ್ಟುಕೊಳ್ಳೋಣ: ಕೋಟೆಯ ಬಾಗಿಲು, ಅಂಗಳದ ಮೂಲೆಯಲ್ಲಿ ನಿಂತಿರುವ ಗಾರೆಯ ಎರಡು ಆನೆಗಳ ಬಳಿ ಹಿರಿಯರೊಬ್ಬರ ಸಂದರ್ಶನ, ಅರಮನೆಯ ಮೊಗಸಾಲೆಯಲ್ಲಿ ನಿಧಾನವಾಗಿ ಚಲಿಸುವ ಒಂದು ದೃಶ್ಯ, ಕೊನೆಗೆ ಅಪ್ಪಯ್ಯಗೌಡನ ಸ್ಮರಣೆಗಾಗಿ ಕೋಟೆಯ ಗೋಡೆಯ ಬುಡದಲ್ಲಿ ಒಂದು ಎಣ್ಣೆಯ ದೀಪ.

ಮೊದಲನೆಯ ಎರಡು ದೃಶ್ಯಗಳು ಬಯಲಿನಲ್ಲಿವೆ. ಸ್ಥಳವನ್ನೂ ಸ್ಟ್ಯಾಂಡನ್ನೂ ಹೆಸರಿಸಿದರೆ ಸಾಕು. ಮೂರನೆಯದು ಛಾವಣಿಯ ಕೆಳಗಿನದು. ಆದುದರಿಂದ ಚಿತ್ರವು ಶಿಕ್ಷಣೋದ್ದೇಶದ್ದೆಂಬುದನ್ನು ಬರಿದೆ ಹೇಳದೆ, ಅದನ್ನು ಎಲ್ಲಿ ಯಾರಿಗೆ ತೋರಿಸಲಾಗುವುದೆಂಬುದರ ಮೂಲಕ ಸಮರ್ಥಿಸಬೇಕು. ಜೊತೆಗೆ ಆ ದೃಶ್ಯಕ್ಕೆ ಅನುಮತಿ ಸಿಗದಿದ್ದರೂ ಉಳಿದುದಕ್ಕೆ ಸಿಗುವಂತೆ ಅದನ್ನು ಬೇರೆಯ ಸಾಲಿನಲ್ಲಿ ಕೇಳಬೇಕು. ನಾಲ್ಕನೆಯದು ಆಗತಕ್ಕ ಕೆಲಸವಲ್ಲ. ಹೃದಯದಿಂದ ಹುಟ್ಟಿದ ಭಾವವೇ ಆದರೂ, ಎಣ್ಣೆಯೂ ಜ್ವಾಲೆಯ ಕರಿಯೂ ಸುಣ್ಣದ ಗಾರೆಯ ಗೋಡೆಗೆ ಹಿಡಿದರೆ ಅದನ್ನು ತೆಗೆಯಲು ಹೋಗಿ ಗಾರೆಯ ಮೇಲ್ಪದರವೇ ಕಿತ್ತುಬರುತ್ತದೆ. ನಿಯಮವು ಎಣ್ಣೆಯನ್ನು ಹೆಸರಿಟ್ಟು ನಿಷೇಧಿಸಿಯೂ ಇದೆ. ಆ ದೀಪವನ್ನು ಊರಿನ ಮನೆಯ ಅಂಗಳದಲ್ಲಿ ಹಚ್ಚಿ ಚಿತ್ರಿಸಿದರೆ ಕಥೆಗೂ ಕುಂದಿಲ್ಲ, ಕೋಟೆಗೂ ಕುಂದಿಲ್ಲ. ಇಂತಹ ದೃಶ್ಯವನ್ನು ಅರ್ಜಿಯಲ್ಲಿ ಮುಚ್ಚಿಟ್ಟು ಸ್ಥಳದಲ್ಲಿ ಹಚ್ಚಿಬಿಡೋಣವೆಂದು ಯೋಚಿಸುವವರು, ಷರತ್ತು ಮೀರಿದರೆ ಪರವಾನಗಿಯನ್ನು ರದ್ದುಪಡಿಸುವ ಅಧಿಕಾರ ಇಲಾಖೆಗೆ ಇದೆಯೆಂಬುದನ್ನೂ, ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರ ತಿದ್ದುಪಡಿಯ ಬಳಿಕ ಎರಡು ವರ್ಷದವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿಯವರೆಗೆ ದಂಡವೂ ಆಗಬಹುದೆಂಬುದನ್ನೂ ನೆನಪಿನಲ್ಲಿಡಬೇಕು.

ಎಂದು ಬರೆಯಬೇಕು?

1959ರ ನಿಯಮಾವಳಿಯಂತೆ ಚಿತ್ರೀಕರಣದ ಅರ್ಜಿಯನ್ನು ಒಂಬತ್ತನೆಯ ನಮೂನೆಯಲ್ಲಿ ಇಲಾಖೆಯ ಮಹಾನಿರ್ದೇಶಕರ ಹೆಸರಿಗೆ, ಚಿತ್ರೀಕರಣದ ದಿನಕ್ಕೆ ಕನಿಷ್ಠ ಮೂರು ತಿಂಗಳು ಮುಂಚೆ ಸಲ್ಲಿಸತಕ್ಕದ್ದು. ಪರವಾನಗಿ ಬರುವುದು ಹತ್ತನೆಯ ನಮೂನೆಯಲ್ಲಿ. 2023ರ ಸೆಪ್ಟೆಂಬರಿನಲ್ಲಿ ಇಲಾಖೆಯು ಚಿತ್ರೀಕರಣ, ಛಾಯಾಗ್ರಹಣಗಳ ಅನುಮತಿಗಾಗಿ ಅಂತರ್ಜಾಲದ ಪೋರ್ಟಲ್ ಒಂದನ್ನು ತೆರೆದ ಮೇಲೆ ಅರ್ಜಿಯ ದಾರಿ ಹಗುರವಾಗಿದೆ. ಆದರೂ ಮೂರು ತಿಂಗಳ ಅವಧಿಯನ್ನು ಕೈಯಲ್ಲಿಟ್ಟುಕೊಂಡು ಹೊರಡುವುದೇ ವಿವೇಕ.

ಕರಿಕೆಯ ತಂಡವು ಅಪ್ಪಯ್ಯಗೌಡನ ಸ್ಮರಣೆಯ ದಿನವಾದ ಅಕ್ಟೋಬರ್ 31ರಂದೇ ಕೋಟೆಯಲ್ಲಿ ಇರಬೇಕೆಂದು ಬಯಸಿದರೆ, ಅರ್ಜಿ ಜುಲೈ ಕೊನೆಯೊಳಗೆ ಹೋಗಿರಬೇಕು. ಜುಲೈ ಎಂದರೆ ಕರಿಕೆಯಲ್ಲಿ ಮಳೆಯ ನಡುಗಾಲ. ಭಾಗಮಂಡಲದ ದಾರಿಯಲ್ಲಿ ಮಣ್ಣು ಕುಸಿದು ಬಸ್ಸು ನಿಲ್ಲುವುದೂ, ವಿದ್ಯುತ್ತು ಹೋಗಿ ಫೋನಿನ ಟವರು ಸತ್ತುಹೋಗುವುದೂ ಆಗಲೇ. ಆದುದರಿಂದ ಕೋಟೆಯ ನಕ್ಷೆ ಬರೆದುಕೊಳ್ಳುವುದು, ಫಲಕ ಓದುವುದು, ಸಿಬ್ಬಂದಿಯೊಡನೆ ಮಾತಾಡುವುದು ಮೊದಲಾದ ಕೆಲಸಗಳನ್ನು ಮೇ ತಿಂಗಳೊಳಗೆ ಮುಗಿಸಿ, ಜೂನಿನಲ್ಲಿ ಪತ್ರವನ್ನು ಸಿದ್ಧಪಡಿಸುವುದು ಒಳ್ಳೆಯದು. ದಿನಗಳನ್ನು ಕೇಳುವಾಗ ಒಂದು ಮುಖ್ಯದಿನ, ಮಳೆ ಬಂದರೆ ಒಂದು ಪರ್ಯಾಯದಿನ, ಇಷ್ಟೇ ಸಾಕು. ಪರವಾನಗಿಯ ಶುಲ್ಕವನ್ನು ದಿನವೊಂದಕ್ಕೆ ಇಷ್ಟೆಂದು ಲೆಕ್ಕ ಹಾಕುವುದರಿಂದಲೂ, ಭದ್ರತಾ ಠೇವಣಿ ಬೇರೆ ಇರುವುದರಿಂದಲೂ, 'ಒಂದು ವಾರ' ಎಂದು ಸಡಿಲವಾಗಿ ಬರೆದವರು ತಮ್ಮ ಜೇಬಿಗೆ ತಾವೇ ಕತ್ತರಿ ಹಾಕಿಕೊಳ್ಳುತ್ತಾರೆ. ದರಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿ ಸಲ್ಲಿಸುವ ದಿನದ ದರವನ್ನೇ ನೋಡಬೇಕು. ಶಿಕ್ಷಣೋದ್ದೇಶದ ಚಿತ್ರವಾದರೆ ಶುಲ್ಕದ ರಿಯಾಯಿತಿಗೆ ಅವಕಾಶವಿದೆಯೇ ಎಂದು ಪತ್ರದಲ್ಲೇ ವಿಧೇಯವಾಗಿ ಕೇಳಬಹುದು.

ಪತ್ರದ ಮೈ

ನಿಗದಿತ ನಮೂನೆಯನ್ನು ತುಂಬಿಸುವುದು ಹೇಗೂ ಕಡ್ಡಾಯ. ಅದರ ಜೊತೆಗೆ ಲಗತ್ತಿಸುವ ಪತ್ರವೇ ತಂಡದ ನಿಜವಾದ ದನಿ. ಅಧಿಕಾರಿಯು ಓದಿ ಒಂದು ನೋಟದಲ್ಲಿ ಗ್ರಹಿಸುವಂತೆ ಅದನ್ನು ಹೀಗೆ ಬರೆಯಬಹುದು:

"ಗೆ: ಮಹಾನಿರ್ದೇಶಕರು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ, ನವದೆಹಲಿ. ಪ್ರತಿ: ಅಧೀಕ್ಷಕ ಪುರಾತತ್ತ್ವವಿದರು, ಬೆಂಗಳೂರು ವೃತ್ತ.

ವಿಷಯ: ಮಡಿಕೇರಿ ಕೋಟೆಯಲ್ಲಿ ಶೈಕ್ಷಣಿಕ ಸಾಕ್ಷ್ಯಚಿತ್ರದ ಚಿತ್ರೀಕರಣಕ್ಕೆ ಪರವಾನಗಿ ಕೋರಿ.

ಮಾನ್ಯರೇ,

ಕೊಡಗು ಜಿಲ್ಲೆ, ಮಡಿಕೇರಿ ತಾಲ್ಲೂಕು, ಕರಿಕೆ ಗ್ರಾಮದ ನಿವಾಸಿಗಳಾದ ನಾವು 1837ರ ಅಮರಸುಳ್ಯದ ದಂಗೆಯನ್ನು ಕುರಿತು ಅರೆಭಾಷೆ ಮತ್ತು ಕನ್ನಡದಲ್ಲಿ ಸುಮಾರು 25 ನಿಮಿಷಗಳ ಸಾಕ್ಷ್ಯಚಿತ್ರವೊಂದನ್ನು ತಯಾರಿಸುತ್ತಿದ್ದೇವೆ. ಚಿತ್ರವನ್ನು ಶಾಲೆಗಳಲ್ಲಿಯೂ ಊರಿನ ಸಭೆಗಳಲ್ಲಿಯೂ ಉಚಿತವಾಗಿ ತೋರಿಸಲಾಗುವುದು. ಇದರಲ್ಲಿ ಜಾಹೀರಾತಾಗಲಿ ವೇಷ ಕಟ್ಟಿದ ನಾಟಕೀಯ ದೃಶ್ಯವಾಗಲಿ ಇರುವುದಿಲ್ಲ.

ಅಕ್ಟೋಬರ್ 31ರಂದು ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ, ಮಳೆಯಾದಲ್ಲಿ ಮರುದಿನ ಅದೇ ವೇಳೆಯಲ್ಲಿ, ಲಗತ್ತಿಸಿದ ನಕ್ಷೆಯಲ್ಲಿ ಗುರುತಿಸಿರುವ (ಅ) ಕೋಟೆಯ ಬಾಗಿಲು ಮತ್ತು (ಆ) ಅಂಗಳದ ಆನೆಗಳ ಬಳಿಯ ಬಯಲು, ಈ ಎರಡು ಕಡೆ ಚಿತ್ರೀಕರಣಕ್ಕೆ ಪರವಾನಗಿ ಕೋರುತ್ತೇವೆ. (ಇ) ಅರಮನೆಯ ಮೊಗಸಾಲೆಯಲ್ಲಿ ದೀಪವಿಲ್ಲದೆ, ಸ್ಟ್ಯಾಂಡಿಲ್ಲದೆ, ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಹತ್ತು ನಿಮಿಷಗಳ ಚಿತ್ರೀಕರಣವನ್ನು ಶಿಕ್ಷಣೋದ್ದೇಶದ ವಿನಾಯಿತಿಯಡಿ ಪ್ರತ್ಯೇಕವಾಗಿ ಕೋರುತ್ತೇವೆ.

ಸ್ಥಳದಲ್ಲಿ ಇರುವವರು ಒಟ್ಟು ನಾಲ್ವರು: ನಿರ್ದೇಶಕ, ಛಾಯಾಗ್ರಾಹಕ, ಧ್ವನಿಗ್ರಾಹಕ, ಸಂದರ್ಶನ ನೀಡುವ ಹಿರಿಯರು. ಉಪಕರಣಗಳು: ಬ್ಯಾಟರಿಯಿಂದ ನಡೆಯುವ ಕ್ಯಾಮೆರಾ ಒಂದು, ರಬ್ಬರಿನ ಪಾದಗಳಿರುವ ಮೂರುಕಾಲಿನ ಸ್ಟ್ಯಾಂಡು ಒಂದು, ಕಾಲರ್ ಮೈಕು ಎರಡು, ಧ್ವನಿಮುದ್ರಕ ಒಂದು. ದೀಪಗಳು, ಜನರೇಟರು, ಡ್ರೋನು, ಹಳಿ, ಧ್ವನಿವರ್ಧಕ ಇವಾವುವೂ ಇರುವುದಿಲ್ಲ. ಗೋಡೆ, ನೆಲ, ಶಿಲ್ಪಗಳಿಗೆ ಯಾವ ವಸ್ತುವನ್ನೂ ಅಂಟಿಸುವುದಿಲ್ಲ, ಹಚ್ಚುವುದಿಲ್ಲ, ಒರಗಿಸುವುದಿಲ್ಲ. ಪ್ರವಾಸಿಗಳ ಸಂಚಾರವನ್ನು ತಡೆಯುವುದಿಲ್ಲ. ಇಲಾಖೆಯ ಸಿಬ್ಬಂದಿಯ ಸೂಚನೆಗೆ ಬದ್ಧರಾಗಿರುತ್ತೇವೆ. ಚಿತ್ರ ಮುಗಿದ ಬಳಿಕ ಅದರ ಪ್ರತಿಯೊಂದನ್ನು ತಮ್ಮ ಕಚೇರಿಗೆ ಒಪ್ಪಿಸುತ್ತೇವೆ.

ಲಗತ್ತು: ಕಥಾಸಾರ ಒಂದು ಪುಟ, ಸ್ಥಳದ ನಕ್ಷೆ, ಉಪಕರಣಗಳ ಪಟ್ಟಿ, ನಾಲ್ವರ ಗುರುತಿನ ಚೀಟಿಯ ನಕಲು, ಮುಚ್ಚಳಿಕೆ."

ಈ ಪತ್ರದಲ್ಲಿ ಪ್ರಶಂಸೆಯ ಮಾತು ಒಂದೂ ಇಲ್ಲ; 'ಭವ್ಯ ಪರಂಪರೆ', 'ಅಮರ ಇತಿಹಾಸ' ಎಂಬ ವಿಶೇಷಣಗಳಿಲ್ಲ. ಏಕೆಂದರೆ ಅಧಿಕಾರಿಯು ತೂಗಿನೋಡುವುದು ತಂಡದ ಉತ್ಸಾಹವನ್ನಲ್ಲ, ಅದು ಮಾಡಹೊರಟ ಕ್ರಿಯೆಯನ್ನು. ಇಲ್ಲಿ ಎರಡು ಸಾಲುಗಳನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು 'ಒಟ್ಟು ನಾಲ್ವರು' ಎಂಬುದು. ತಂಡ ಮೂವರದೇ ಆದರೂ ಸಂದರ್ಶನ ಕೊಡಲು ಬರುವ ಹಿರಿಯರೂ ಆ ಹೊತ್ತಿಗೆ ತಂಡದವರೇ. ನಿಯಮವು ಪರವಾನಗಿ ಪಡೆದವನನ್ನು ಮಾತ್ರವಲ್ಲದೆ ಅವನೊಡನೆ ಬಂದ ಪ್ರತಿಯೊಬ್ಬನನ್ನೂ ಷರತ್ತಿಗೆ ಒಳಪಡಿಸುತ್ತದೆ. ಮೂವರೆಂದು ಬರೆದು ನಾಲ್ವರಾಗಿ ಬಂದಾಗ, ಬಾಗಿಲಲ್ಲಿ ನಿಂತ ಕಾವಲುಗಾರನು ಪತ್ರವನ್ನೂ ತಲೆಗಳನ್ನೂ ಎಣಿಸಿ ನೋಡಿ ಒಬ್ಬರನ್ನು ಹೊರಗೆ ನಿಲ್ಲಿಸಿದರೆ ಅವನ ತಪ್ಪೇನೂ ಇಲ್ಲ. ಆದರೆ ಹೊರಗುಳಿದವರು ಯಾರಿಗಾಗಿ ಅಷ್ಟು ದೂರ ಬಂದೆವೋ ಆ ಹಿರಿಯರೇ ಆಗಿಬಿಡಬಹುದು. ಎರಡನೆಯದು ಇಲ್ಲದಿರುವ ವಸ್ತುಗಳ ಪಟ್ಟಿ. ಏನು ತರುತ್ತೇವೆಂಬುದನ್ನು ಎಲ್ಲರೂ ಬರೆಯುತ್ತಾರೆ, ಏನು ತರುವುದಿಲ್ಲವೆಂಬುದನ್ನು ಬರೆಯುವವರು ವಿರಳ. ಅಧಿಕಾರಿಯ ಶಂಕೆಗಳೆಲ್ಲ ಆ ಎರಡನೆಯ ಪಟ್ಟಿಯಲ್ಲೇ ಇರುತ್ತವೆ: ದೀಪಗಳ ಶಾಖ, ಜನರೇಟರಿನ ಹೊಗೆ, ಕಲ್ಲುಹಾಸಿನ ಮೇಲೆ ಎಳೆಯುವ ಹಳಿ, ತಲೆಯ ಮೇಲೆ ಹಾರುವ ಡ್ರೋನು. ಸಣ್ಣ ತಂಡದ ನಿಜವಾದ ಬಲ ಇರುವುದು ಇಲ್ಲಿ. ತಾನು ಸಣ್ಣದೆಂದು ಹೇಳಿಕೊಳ್ಳುವುದರಲ್ಲಿಲ್ಲ, ಇವೊಂದೂ ತನಗೆ ಬೇಡವೆಂದು ನಿಶ್ಚಯವಾಗಿ ಬರೆದುಕೊಡಬಲ್ಲುದರಲ್ಲಿದೆ. ಡ್ರೋನು ಬೇಕೇಬೇಕೆಂದರೆ ಅದು ಬೇರೆಯ ಅನುಮತಿಗಳ ಮಾತು, 2021ರ ಡ್ರೋನ್ ನಿಯಮಗಳನ್ನೂ ಪಾಲಿಸಬೇಕು. ಮೂವರ ತಂಡ ಆ ಹಾದಿ ಹಿಡಿಯದಿರುವುದೇ ಮೇಲು.

'ವೇಷ ಕಟ್ಟಿದ ನಾಟಕೀಯ ದೃಶ್ಯವಿಲ್ಲ' ಎಂಬ ಮಾತಿಗೂ ಅರ್ಥವಿದೆ. ತಲೆಗೆ ರುಮಾಲು ಸುತ್ತಿ ಕತ್ತಿ ಹಿಡಿದ ಹತ್ತು ಮಂದಿ ಹುಡುಗರು ಕೋಟೆಯ ಬಾಗಿಲಲ್ಲಿ ನುಗ್ಗುವ ದೃಶ್ಯ ಸೇರಿದೊಡನೆ, ಅದು ಸಾಕ್ಷ್ಯಚಿತ್ರವೋ ಕಥಾಚಿತ್ರವೋ ಎಂಬ ಸಂಶಯ ಹುಟ್ಟಿ, ಶಿಕ್ಷಣೋದ್ದೇಶವೆಂಬ ಆಧಾರವೇ ದುರ್ಬಲವಾಗುತ್ತದೆ.

ಸಂಗ್ರಹಾಲಯದ ಬಾಗಿಲಲ್ಲಿ

ಕೋಟೆಯ ಪರವಾನಗಿ ಕೈಗೆ ಬಂದ ತಂಡವು ಅದೇ ಕಾಗದವನ್ನು ಹಿಡಿದು ಹಳೆಯ ಇಗರ್ಜಿಯೊಳಗಿನ ವಸ್ತುಸಂಗ್ರಹಾಲಯಕ್ಕೂ ಹೋದರೆ ಅಲ್ಲಿ ಅದು ನಡೆಯುವುದಿಲ್ಲ. ಅಲ್ಲಿಯ ಆಯುಧಗಳು, ಶಿಲ್ಪಗಳು, ಶಾಸನಗಳು ರಾಜ್ಯದ ಇಲಾಖೆಯ ವಶದಲ್ಲಿರುವುದರಿಂದ ಆ ಇಲಾಖೆಯ ಆಯುಕ್ತರಿಗೆ ಎರಡನೆಯ ಪತ್ರವೊಂದನ್ನು ಬರೆದು, ಅದರ ಪ್ರತಿಯನ್ನು ಮಡಿಕೇರಿಯ ಸಂಗ್ರಹಾಲಯದ ಕ್ಯೂರೇಟರಿಗೆ ಕೊಡಬೇಕು. ಈ ಪತ್ರದಲ್ಲಿ ಸ್ಥಳದ ಬದಲು ವಸ್ತುಗಳನ್ನು ಹೆಸರಿಸಬೇಕು: ಯಾವ ಆಯುಧ, ಯಾವ ಶಾಸನ, ಗಾಜಿನ ಹೊರಗಿನಿಂದಲೋ ತೆರೆದಿಟ್ಟೋ, ಎಷ್ಟು ಹೊತ್ತು. ಫ್ಲ್ಯಾಷ್ ಬಳಸುವುದಿಲ್ಲವೆಂದೂ ಯಾವ ವಸ್ತುವನ್ನೂ ಸ್ಥಾನದಿಂದ ಕದಲಿಸಲು ಕೇಳುವುದಿಲ್ಲವೆಂದೂ ಸ್ಪಷ್ಟವಾಗಿ ಬರೆಯಬೇಕು. ಸಂಗ್ರಹಾಲಯದ ವಾರದ ರಜೆ ಯಾವ ದಿನವೆಂಬುದನ್ನು ಮೊದಲೇ ವಿಚಾರಿಸಿಕೊಂಡು ದಿನವನ್ನು ಗೊತ್ತುಮಾಡದಿದ್ದರೆ, ಕೋಟೆಯ ಪರವಾನಗಿಯೂ ಸಂಗ್ರಹಾಲಯದ ಬೀಗವೂ ಒಂದೇ ದಿನಕ್ಕೆ ಬಂದು ಕೂಡುತ್ತವೆ.

ಭಾಷೆಯ ವಿಚಾರದಲ್ಲಿ ಒಂದು ಮಾತು. ರಾಜ್ಯದ ಇಲಾಖೆಗೆ ಬರೆಯುವ ಪತ್ರ ಕನ್ನಡದಲ್ಲೇ ಇರಲಿ. ಅದು ನಮ್ಮ ಆಡಳಿತದ ಭಾಷೆ. ಕೇಂದ್ರದ ಇಲಾಖೆಗೆ ಬರೆಯುವಾಗ ಕನ್ನಡದ ಪತ್ರದೊಡನೆ ಅದರ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸಬೇಕು, ಏಕೆಂದರೆ ಕಡತ ದೆಹಲಿಯವರೆಗೆ ಹೋಗತಕ್ಕದ್ದು. ಅನುವಾದಕ್ಕಾಗಿ ಅದು ನಡುದಾರಿಯಲ್ಲಿ ನಿಂತರೆ ನಷ್ಟ ನಮ್ಮದೇ.

ಉತ್ತರ ಬಂದ ಮೇಲೆ

ಪತ್ರವನ್ನು ಖುದ್ದಾಗಿ ಕೊಡುವುದಾದರೆ ಟಪ್ಪಾಲು ವಿಭಾಗದಲ್ಲಿ ಇನ್ನೊಂದು ಪ್ರತಿಯ ಮೇಲೆ ಮೊಹರನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಬೇಕು. ಪೋರ್ಟಲಿನಲ್ಲಿ ಸಲ್ಲಿಸಿದರೆ ಅರ್ಜಿಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಒಂದು ತಿಂಗಳು ಕಳೆದ ಮೇಲೆ ಆ ಸಂಖ್ಯೆಯನ್ನೂ ದಿನಾಂಕವನ್ನೂ ಉಲ್ಲೇಖಿಸಿ ವಿನಯದಿಂದ ನೆನಪಿನ ಓಲೆಯೊಂದನ್ನು ಕಳುಹಿಸುವುದರಲ್ಲಿ ತಪ್ಪಿಲ್ಲ. ಕಚೇರಿಯಿಂದ ಪ್ರಶ್ನೆಗಳು ಬಂದರೆ ಅದನ್ನು ತಿರಸ್ಕಾರವೆಂದು ತಿಳಿಯಬಾರದು. ಪ್ರಶ್ನೆ ಬಂದಿತೆಂದರೆ ಯಾರೋ ಕಡತವನ್ನು ತೆರೆದು ಓದಿದ್ದಾರೆಂದೇ ಅರ್ಥ. ಇಲಾಖೆಯು ನಿರಾಕರಿಸುವುದಾದರೆ ಕಾರಣವನ್ನು ದಾಖಲಿಸತಕ್ಕದ್ದೆಂದು ನಿಯಮಾವಳಿ ಹೇಳುತ್ತದೆ. ಆ ಕಾರಣವನ್ನು ಕೇಳಿ ಪಡೆದು, ಅದಕ್ಕೆ ತಕ್ಕಂತೆ ಯೋಜನೆಯನ್ನು ತಿದ್ದಿ ಮತ್ತೆ ಬರೆಯುವ ದಾರಿ ಯಾವಾಗಲೂ ತೆರೆದಿದೆ.

ಪರವಾನಗಿ ಬಂದಾಗ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಕೇಳಿದುದಕ್ಕೂ ಕೊಟ್ಟುದಕ್ಕೂ ವ್ಯತ್ಯಾಸ ಇರಬಹುದು: ಅ, ಆ ಸ್ಥಳಗಳಿಗೆ ಒಪ್ಪಿ ಮೊಗಸಾಲೆಯನ್ನು ಬಿಟ್ಟಿರಬಹುದು, ಅಥವಾ ವೇಳೆಯನ್ನು ಕಿರಿದುಮಾಡಿರಬಹುದು. ಅದನ್ನು ಕೋಟೆಯ ಬಾಗಿಲಲ್ಲಿ ಕಂಡುಕೊಳ್ಳುವುದಕ್ಕಿಂತ ಮನೆಯ ಜಗಲಿಯಲ್ಲಿ ಕಂಡುಕೊಳ್ಳುವುದು ಮೇಲು. ಸ್ಥಳದ ಸಿಬ್ಬಂದಿಗೆ ಹಿಂದಿನ ದಿನವೇ ಪರವಾನಗಿಯ ಪ್ರತಿಯನ್ನು ತಲುಪಿಸಿ, ಸ್ಟ್ಯಾಂಡು ಊರುವ ಜಾಗಗಳನ್ನು ಅವರೊಡನೆ ನಿಂತು ತೋರಿಸಿದರೆ ಮರುದಿನದ ಕೆಲಸ ಸುಗಮವಾಗುತ್ತದೆ. 'ಇನ್ನೊಂದು ಹತ್ತು ನಿಮಿಷ, ಆ ಮಹಡಿಯ ಮೇಲೆ' ಎಂದು ಆ ಸಿಬ್ಬಂದಿಯ ಬಾಯಿಮಾತಿನ ಒಪ್ಪಿಗೆಯನ್ನು ಬೇಡಬಾರದು. ಅವನ ಸೌಜನ್ಯವನ್ನು ನಾವು ದುರುಪಯೋಗಪಡಿಸಿದರೆ ಉತ್ತರ ಕೊಡಬೇಕಾದವನು ಅವನೇ. ಮುಂದಿನ ವರ್ಷ ಬರುವ ಇನ್ನೊಂದು ಸಣ್ಣ ತಂಡವನ್ನು ಸಂಶಯದಿಂದ ನೋಡುವವನೂ ಅವನೇ.

ಕರಿಕೆ, ಚೆಂಬು, ಪೆರಾಜೆ, ಸುಳ್ಯಗಳ ತರುಣರಲ್ಲಿ ನನ್ನ ಬಿನ್ನಹವಿಷ್ಟೇ. ನಿಮ್ಮ ಅಜ್ಜಂದಿರ ಬಾಯಲ್ಲಿ ಉಳಿದಿರುವ 1837ರ ಕಥೆಗಳನ್ನು ಚಿತ್ರಿಸಿರಿ, ಕೋಟೆಯ ಅಂಗಳದಲ್ಲಿ ನಿಂತೇ ಚಿತ್ರಿಸಿರಿ. ಆದರೆ ಈ ಮಳೆಗಾಲ ಹಿಡಿಯುವ ಮುನ್ನ ಒಮ್ಮೆ ಮಡಿಕೇರಿಗೆ ಹೋಗಿ ಬಾಗಿಲಿನ ಫಲಕವನ್ನು ಓದಿ, ನಕ್ಷೆ ಬರೆದುಕೊಂಡು ಬನ್ನಿರಿ. ಜುಲೈ ಮುಗಿಯುವುದರೊಳಗೆ ಎರಡು ಇಲಾಖೆಗಳಿಗೆ ಎರಡು ಪತ್ರಗಳನ್ನು ಕಳುಹಿಸಿರಿ. ಬರೆದುಕೊಟ್ಟುದಕ್ಕಿಂತ ಒಂದು ಅಡಿಯೂ ಆಚೆ ಕಾಲಿಡದೆ ಚಿತ್ರ ಮುಗಿಸಿ, ಮಾತು ಕೊಟ್ಟಂತೆ ಅದರ ಪ್ರತಿಯನ್ನು ಆ ಕಚೇರಿಗಳಿಗೆ ಒಪ್ಪಿಸಿರಿ.